ಕ್ರೇಪ್ ಹರಿದರೆ ತತ್ತಿ ಹೆಚ್ಚಿಸುವ ಮೊದಲು

ಮಕ್ಕಳು ಕೇಳಿದರು ಅಂತ ಎರಡು ಸಲ ಕ್ರೇಪ್ ಮಾಡಿದೆ. ಒಂದು ಬಟ್ಟಲು ಮೈದಾ, ಒಂದೂವರೆ ಬಟ್ಟಲು ಹಾಲು. ಮೊದಲ ಸಲ ಒಂದೇ ತತ್ತಿ ಹಾಕಿದ್ದೆ, ತಿರುವುವಾಗ ಎಲ್ಲಾ ಹರಿದವು. ಎರಡನೇ ಸಲ ನಾಲ್ಕು ತತ್ತಿ ಹಾಕಿದೆ. ಹರಿಯಲಿಲ್ಲ, ಆದರೆ ರಬ್ಬರ್ ಥರ ಆದವು. ಹಾಗಾದರೆ ಎಷ್ಟು ಹಾಕಬೇಕು? ಹಿಟ್ಟು ಕಲಸಿ ಸ್ವಲ್ಪ ಹೊತ್ತು ಬಿಡಬೇಕಂತಾರೆ, ಅದು ಖರೇನಾ? ದಪ್ಪ ಪ್ಯಾನ್‌ಕೇಕಿಗೂ ಇದೇ ಲೆಕ್ಕಾನಾ?
— ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಎರಡು ತತ್ತಿ ಹಾಕಿ. ಹಾಲನ್ನು ಒಂದೂವರೆ ಬಟ್ಟಲಿನ ಬದಲು ಒಂದು ಬಟ್ಟಲು ಮತ್ತು ಇನ್ನೊಂದು ಮೂರನೇ ಒಂದು ಬಟ್ಟಲಿಗೆ ಇಳಿಸಿ. ಕಲಸಿದ ಮೇಲೆ ಒಂದು ಗಂಟೆ ಫ್ರಿಜ್‌ನಲ್ಲಿಡಿ. ನಿಮ್ಮ ಮನೆಯಲ್ಲಿ ನಾಳೆ ಕ್ರೇಪ್ ಚೆನ್ನಾಗಿ ಬರಲು ಇಷ್ಟು ಸಾಕು. ಆದರೆ ನೀವು ಮಾಡಿದ ಎರಡೂ ಪ್ರಯತ್ನ ನನಗೆ ತುಂಬಾ ಇಷ್ಟವಾದವು. ಹಿಟ್ಟು, ಹಾಲು ಎರಡನ್ನೂ ಹಾಗೇ ಇಟ್ಟು ತತ್ತಿಯನ್ನು ಮಾತ್ರ ಬದಲಿಸಿದ್ದೀರಿ. ಹಾಗಾಗಿ ಎಲ್ಲಿ ಏನಾಯಿತು ಅಂತ ಬಿಡಿಸಿ ಹೇಳಬಹುದು.

ಧಾರವಾಡದಲ್ಲಿ ನನ್ನ ಅಡುಗೆ ತರಗತಿಗೆ ಬರುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೇ ಮಾಡುತ್ತಾರೆ. ಹರಿಯಿತು ಅಂದ ಕೂಡಲೇ ಇನ್ನೊಂದು ತತ್ತಿ ಒಡೆಯುತ್ತಾರೆ. ಹರಿಯುವುದಕ್ಕೆ ತತ್ತಿ ಸಾಲದಿರುವುದು ಒಂದು ಕಾರಣ, ನಿಜ. ಅಷ್ಟೇ ದೊಡ್ಡ ಇನ್ನೊಂದು ಕಾರಣ ಇದೆ: ಹಿಟ್ಟು ಇನ್ನೂ ನೆನೆದಿಲ್ಲ. ನಿಮ್ಮ ಮೊದಲ ಸಲದ ಕ್ರೇಪ್ ಎರಡೂ ಕಾರಣದಿಂದ ಹರಿದಿದೆ. ಎರಡನೇ ಸಲ ನೀವು ಒಂದಕ್ಕೆ ಮಾತ್ರ ಮದ್ದು ಹಾಕಿದಿರಿ, ಅದೂ ಜಾಸ್ತಿಯಾಯಿತು.

ಮೊದಲು ತತ್ತಿಯ ಲೆಕ್ಕ ನೋಡೋಣ. ಒಂದು ಬಟ್ಟಲು ಅಂದರೆ 240 ಮಿಲಿಲೀಟರ್‌ನ ಅಳತೆ ಬಟ್ಟಲು ಅಂತ ಹಿಡಿಯುತ್ತೇನೆ. ಅದರಲ್ಲಿ ಮೈದಾ ಸುಮಾರು 125 ಗ್ರಾಂ ಕೂರುತ್ತದೆ. ಮೈದಾದಲ್ಲಿ ನೂರಕ್ಕೆ ಹತ್ತು ಹನ್ನೊಂದು ಪಾಲು ಪ್ರೋಟೀನ್ ಇರುತ್ತದೆ, ಅಂದರೆ ನಿಮ್ಮ ಬಟ್ಟಲಿನಲ್ಲಿ ಹತ್ತಿರ ಹತ್ತಿರ 13 ಗ್ರಾಂ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಧಾರಣ ತತ್ತಿ ಸಿಪ್ಪೆ ಬಿಟ್ಟು 48 ಗ್ರಾಂ ಆಸುಪಾಸು ತೂಗುತ್ತದೆ. ಅದರಲ್ಲಿ 6 ಗ್ರಾಂ ಪ್ರೋಟೀನ್. ಹಾಲಿನಲ್ಲೂ ಪ್ರೋಟೀನ್ ಇದೆ, ಆದರೆ ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಿಲ್ಲ. ದಿನಾ ಹಾಲು ಕಾಯಿಸುತ್ತೇವೆ, ಕೆನೆ ಕಟ್ಟುತ್ತದೆಯೇ ಹೊರತು ಪಾತ್ರೆಯ ಹಾಲೆಲ್ಲ ತತ್ತಿಯಂತೆ ಗಟ್ಟಿಯಾಗುವುದಿಲ್ಲ, ಅಲ್ವಾ? ಬಿಸಿ ತಾಗಿದಾಗ ಗಟ್ಟಿಯಾಗಿ ಕ್ರೇಪಿಗೆ ಕಸುವು ಕೊಡುವುದು ತತ್ತಿಯದು, ಮೈದಾದು ಮಾತ್ರ.

ಈಗ ಹೋಲಿಸಿ. ಒಂದು ತತ್ತಿ ಹಾಕಿದಾಗ ತತ್ತಿಯ ಪ್ರೋಟೀನ್ ಮೈದಾದ ಅರ್ಧಕ್ಕಿಂತ ಕಡಿಮೆ. ಎರಡು ಹಾಕಿದರೆ ಹೆಚ್ಚುಕಡಿಮೆ ಸರಿಸಮ. ನಾಲ್ಕು ಹಾಕಿದರೆ 24 ಗ್ರಾಂ, ಹತ್ತಿರ ಹತ್ತಿರ ಎರಡರಷ್ಟು. ಅಲ್ಲಿಗೆ ಅದು ಹಿಟ್ಟಿನ ತಿಂಡಿಯಾಗಿ ಉಳಿಯುವುದಿಲ್ಲ. ಹಿಟ್ಟು ಬೆರೆಸಿದ ಆಮ್ಲೆಟ್ ಆಗುತ್ತದೆ. ನಿಮಗೆ ರಬ್ಬರ್ ಅನಿಸಿದ್ದು ಇದೇ.

ಹಂಚಿನ ಮೇಲೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ತೆಳುವಾದ ಹಿಟ್ಟು ಬಿಸಿ ಹಂಚಿಗೆ ಬಿದ್ದಾಗ ಎರಡು ಕೆಲಸ ನಡೆಯುತ್ತವೆ. ಮೈದಾದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಅಂಬಲಿ ಕಾಸುವಾಗ ಗಟ್ಟಿಯಾಗುತ್ತದಲ್ಲ, ಅದೇ ಕೆಲಸ. ಜೊತೆಗೇ ತತ್ತಿಯ ಪ್ರೋಟೀನ್ ಎಳೆಗಳು ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕಿಕೊಂಡು ಬಲೆ ಹೆಣೆಯುತ್ತವೆ. ಬಿಳಿ ಭಾಗ 62, 63 ಡಿಗ್ರಿಗೆ ಗಟ್ಟಿಯಾಗಲು ಶುರು ಮಾಡಿ 80 ಡಿಗ್ರಿ ಹೊತ್ತಿಗೆ ಪೂರ್ತಿ ಬಿಗಿಯುತ್ತದೆ. ಪಿಷ್ಟ ಮಾತ್ರ ಇದ್ದರೆ ಆ ಹಾಳೆ ಮೆತ್ತಗಿರುತ್ತದೆ, ಆದರೆ ಎತ್ತಿದರೆ ಹರಿಯುತ್ತದೆ. ತತ್ತಿಯ ಬಲೆ ಅದನ್ನು ಹಿಡಿದುಕೊಳ್ಳುತ್ತದೆ. ಬಲೆ ಹದವಾಗಿದ್ದರೆ ಹಾಳೆ ಮಡಚುತ್ತದೆ, ಹಲ್ಲಿಗೆ ಸಿಕ್ಕರೆ ಬಿಡುತ್ತದೆ. ಬಲೆ ದಟ್ಟವಾದರೆ ಅದು ಎಳೆದು ಬಿಟ್ಟ ರಬ್ಬರ್ ಬ್ಯಾಂಡಿನಂತೆ ಹಿಂದಕ್ಕೆ ಜಿಗಿಯುತ್ತದೆ. ಇನ್ನೂ ಜಾಸ್ತಿ ಬೇಯಿಸಿದರೆ ಬಲೆ ಕುಗ್ಗಿ ಒಳಗಿನ ನೀರನ್ನೇ ಹಿಂಡಿ ಹೊರಹಾಕುತ್ತದೆ. ತತ್ತಿ ಬುರ್ಜಿ ಒಲೆ ಮೇಲೆ ಬಹಳ ಹೊತ್ತು ಬಿಟ್ಟಾಗ ನೀರು ಬಿಟ್ಟುಕೊಳ್ಳುವುದನ್ನು ನೀವು ನೋಡಿರುತ್ತೀರಿ.

ತತ್ತಿಯಲ್ಲಿ ಎರಡು ಬೇರೆ ಬೇರೆ ಸ್ವಭಾವದ ವಸ್ತುಗಳಿವೆ ಅನ್ನುವುದನ್ನೂ ನೆನಪಿಡಬೇಕು. ಬಿಳಿ ಭಾಗ ಅಂದರೆ ನೂರಕ್ಕೆ ತೊಂಬತ್ತು ಪಾಲು ನೀರು, ಉಳಿದದ್ದು ಬಹುತೇಕ ಪ್ರೋಟೀನ್. ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಬಿಗಿ ಬರುವುದು ಮುಖ್ಯವಾಗಿ ಇದರಿಂದ. ಹಳದಿಯಲ್ಲಿ ಅರ್ಧ ನೀರು, ಮೂರನೇ ಒಂದರ ಹತ್ತಿರ ಕೊಬ್ಬು. ಆ ಕೊಬ್ಬು ಪ್ರೋಟೀನ್ ಎಳೆಗಳ ನಡುವೆ ಸೇರಿ ಅವು ಒಂದಕ್ಕೊಂದು ಗಟ್ಟಿಯಾಗಿ ಅಂಟದಂತೆ ತಡೆಯುತ್ತದೆ. ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿದರೆ ಮೆತ್ತಗಾಗುತ್ತದಲ್ಲ, ಆ ಥರ. ಹಳದಿಯಲ್ಲಿರುವ ಲೆಸಿಥಿನ್ ಅನ್ನುವ ವಸ್ತು ಬೆಣ್ಣೆಯನ್ನೂ ಹಾಲನ್ನೂ ಬೇರೆಯಾಗಲು ಬಿಡದೆ ಕೂಡಿಸಿಡುತ್ತದೆ. ಹೀಗಾಗಿ "ತತ್ತಿ ಜಾಸ್ತಿಯಾದರೆ ಗಟ್ಟಿ" ಅನ್ನುವುದು ಅರ್ಧ ಮಾತು. ಬಿಳಿ ಜಾಸ್ತಿಯಾದರೆ ಗಟ್ಟಿ. ಹಳದಿ ಜಾಸ್ತಿಯಾದರೆ ಮೆತ್ತಗೆ, ಬಣ್ಣವೂ ಚೆಂದ.

ಇದನ್ನು ಬಾಯಲ್ಲಿ ಹೇಳಿದರೆ ತರಗತಿಯಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೆ ನಾನು ಐದು ಪಾತ್ರೆ ಇಟ್ಟು ತೋರಿಸುತ್ತೇನೆ. ಹೋದ ತಿಂಗಳೂ ತೋರಿಸಿದೆ. ಐದಕ್ಕೂ 125 ಗ್ರಾಂ ಮೈದಾ, 30 ಗ್ರಾಂ ಕರಗಿಸಿದ ಬೆಣ್ಣೆ, ಒಂದು ಚಿಟಿಕೆ ಉಪ್ಪು. ಒಂದನೆಯದಕ್ಕೆ ಒಂದು ತತ್ತಿ, ಎರಡನೆಯದಕ್ಕೆ ಎರಡು, ಹೀಗೇ ನಾಲ್ಕರವರೆಗೆ. ಐದನೆಯದಕ್ಕೆ ಒಂದು ಇಡೀ ತತ್ತಿ ಮತ್ತು ಎರಡು ಹಳದಿ ಮಾತ್ರ.

ಹಾಲಿನ ವಿಷಯದಲ್ಲಿ ಒಂದು ಎಚ್ಚರ ಬೇಕು, ನೀವು ತಪ್ಪಿದ್ದು ಇಲ್ಲೇ. ತತ್ತಿಯಲ್ಲಿ ಮುಕ್ಕಾಲು ಪಾಲು ನೀರೇ. ಒಂದು ತತ್ತಿ ಹಾಕಿದರೆ 36 ಗ್ರಾಂ ನೀರು ಹಾಕಿದ ಹಾಗೆ. ಮೂರು ತತ್ತಿ ಹೆಚ್ಚು ಹಾಕಿ ಹಾಲನ್ನು ಅಷ್ಟೇ ಇಟ್ಟರೆ ಹಿಟ್ಟಿಗೆ ಅರ್ಧ ಬಟ್ಟಲಿನ ಹತ್ತಿರ ನೀರು ಸುರಿದಂತೆ. ನಿಮ್ಮ ಎರಡನೇ ಸಲದ ಹಿಟ್ಟು ತೀರಾ ತೆಳ್ಳಗಾಗಿರಬೇಕು. ಅದು ಬೇಗ ಒಣಗಲಿಲ್ಲ ಅಂತ ನೀವು ಹಂಚಿನ ಮೇಲೆ ಜಾಸ್ತಿ ಹೊತ್ತು ಬಿಟ್ಟಿರುತ್ತೀರಿ. ತತ್ತಿ ಜಾಸ್ತಿ, ಬೇಯುವ ಹೊತ್ತೂ ಜಾಸ್ತಿ: ಎರಡೂ ಸೇರಿದರೆ ರಬ್ಬರ್ ಆಗದೆ ಇನ್ನೇನಾಗುತ್ತದೆ? ಹಾಗಾಗಿ ಒಂದು ತತ್ತಿ ಹೆಚ್ಚಿಸಿದಾಗಲೆಲ್ಲ 40 ಮಿಲಿಲೀಟರ್, ಅಂದರೆ ಎರಡೂವರೆ ದೊಡ್ಡ ಚಮಚ ಹಾಲು ಕಡಿಮೆ ಮಾಡಿ. ನನ್ನ ಪಾತ್ರೆಗಳಲ್ಲಿ ಒಂದು ತತ್ತಿಗೆ 360 ಮಿಲಿಲೀಟರ್ ಹಾಲು, ಎರಡಕ್ಕೆ 320, ಮೂರಕ್ಕೆ 280, ನಾಲ್ಕಕ್ಕೆ 240. ಒಂದು ತತ್ತಿ ಮತ್ತು ಎರಡು ಹಳದಿ ಇದ್ದ ಪಾತ್ರೆಗೆ 340. ಹೀಗೆ ಮಾಡಿದರೆ ಐದೂ ಹಿಟ್ಟು ಒಂದೇ ಹದಕ್ಕೆ ಬರುತ್ತವೆ. ಆಮೇಲೆ ಕಾಣುವ ವ್ಯತ್ಯಾಸ ತತ್ತಿಯದ್ದೇ.

ಎಲ್ಲವನ್ನೂ ಒಂದು ಗಂಟೆ ಬಿಟ್ಟು ಒಂದೇ ಹಂಚಿನಲ್ಲಿ ಹುಯ್ದೆವು. ಪರೀಕ್ಷೆ ಸುಲಭದ್ದು. ಬಿಸಿ ಇದ್ದಾಗಲೇ ನಾಲ್ಕು ಮಡಿಕೆ ಮಾಡಿ ಹತ್ತು ನಿಮಿಷ ಬಿಡುವುದು, ಆಮೇಲೆ ಬಿಚ್ಚಿ ಅಂಚನ್ನು ಎರಡು ಬೆರಳಿನಲ್ಲಿ ಎಳೆಯುವುದು.

ಒಂದು ತತ್ತಿಯದು ಮೆತ್ತಗಿತ್ತು. ಚಪ್ಪಟೆ ಸೌಟಿನಿಂದ ಎತ್ತುವಾಗ ಹುಷಾರಾಗಿದ್ದರೆ ಇಡಿಯಾಗಿ ಬರುತ್ತಿತ್ತು, ಸ್ವಲ್ಪ ಅವಸರ ಮಾಡಿದರೆ ಅಂಚು ಹರಿಯುತ್ತಿತ್ತು. ಬಿಚ್ಚಿದಾಗ ಮಡಿಕೆಯ ಗೆರೆಯಲ್ಲಿ ಬಿರುಕು ಕಂಡಿತು. ರುಚಿ ಸ್ವಲ್ಪ ಹಿಟ್ಟು ಹಿಟ್ಟು. ಎರಡರದು ಕೈಯಲ್ಲೇ ತಿರುವಿಹಾಕಲು ಬಂತು. ಮಡಚಿದ್ದು ಮಡಚಿದ ಹಾಗೇ ಕೂತಿತು. ಎಳೆದರೆ ಸ್ವಲ್ಪ ಬಳುಕಿ ಆಮೇಲೆ ಹರಿಯಿತು. ಮೂರರದು ಮಡಚಿ ಕೈ ಬಿಟ್ಟರೆ ತಾನೇ ಅರ್ಧ ಬಿಚ್ಚಿಕೊಳ್ಳುತ್ತಿತ್ತು. ಬಿಸಿ ಇದ್ದಾಗ ತಿನ್ನಲು ಚೆನ್ನಾಗಿಯೇ ಇತ್ತು, ಆರಿದ ಮೇಲೆ ಅಗಿಯಬೇಕಾಯಿತು. ನಾಲ್ಕರದರ ಮೈ ಮಿಂಚುತ್ತಿತ್ತು, ತತ್ತಿಯ ವಾಸನೆ ಮುಂದೆ ಬಂದಿತ್ತು, ಎಳೆದರೆ ಹಿಗ್ಗುತ್ತಿತ್ತು. ಹಾಲು ಕಡಿಮೆ ಮಾಡಿ ಸರಿಯಾಗಿ ಬೇಯಿಸಿದ್ದರಿಂದ ನಿಮ್ಮದರಷ್ಟು ಕೆಟ್ಟಿರಲಿಕ್ಕಿಲ್ಲ, ಆದರೂ ಅದು ಕ್ರೇಪ್ ಅಲ್ಲ.

ಐದನೆಯದನ್ನು ತಿಂದ ಮೇಲೆ ತರಗತಿ ಸುಮ್ಮನಾಯಿತು. ಅದರಲ್ಲಿರುವ ಪ್ರೋಟೀನ್ ಎರಡು ತತ್ತಿಯದಕ್ಕಿಂತ ತುಸುವೇ ಕಡಿಮೆ. ಆದರೆ ಬಿಳಿ ಭಾಗ ಅರ್ಧ. ಬಾಯಲ್ಲಿಟ್ಟರೆ ಕರಗುವಷ್ಟು ಮೆತ್ತಗೆ. ತಿರುವುವಾಗ ಕೈಯಲ್ಲಿ ಹಿಡಿಯಬೇಡಿ, ಅಗಲವಾದ ಸೌಟು ಬೇಕು. ಸಕ್ಕರೆ ಉದುರಿಸಿ ನಿಂಬೆಹಣ್ಣು ಹಿಂಡಿ ಹಾಗೇ ತಿನ್ನುವುದಾದರೆ ನಾನು ಇದನ್ನೇ ಮಾಡುತ್ತೇನೆ. ಒಳಗೆ ಪಲ್ಯವೋ ಖೀಮಾವೋ ತುಂಬಿ ಸುತ್ತುವುದಾದರೆ ಎರಡು ಇಡೀ ತತ್ತಿಯದು ಬೇಕು, ತೇವದ ಭಾರ ಹೊರಬೇಕಲ್ಲ. ತುಂಬಿ ಮತ್ತೆ ಎಣ್ಣೆಯಲ್ಲಿ ಕರಿಯುವುದಿದ್ದರೆ ಮಾತ್ರ ಮೂರರವರೆಗೆ ಹೋಗಬಹುದು. ಅದರಾಚೆ ಹೋಗಲು ನನಗೆ ಒಂದೂ ಕಾರಣ ಕಂಡಿಲ್ಲ.

ಇನ್ನು ಹಿಟ್ಟು ಬಿಡುವ ವಿಷಯ. ಹೌದು, ಖರೇನೇ.

ಮೈದಾವನ್ನು ಹಾಲಿಗೆ ಹಾಕಿದ ಕೂಡಲೇ ಕಣ್ಣಿಗೆ ಎಲ್ಲ ಬೆರೆತಂತೆ ಕಾಣುತ್ತದೆ. ಒಳಗೆ ಹಾಗಿರುವುದಿಲ್ಲ. ಹಿಟ್ಟಿನ ಎಷ್ಟೋ ಕಣಗಳು ಹೊರಗೆ ಮಾತ್ರ ಒದ್ದೆಯಾಗಿ ನಡುವೆ ಒಣಗಿರುತ್ತವೆ. ರವೆಯನ್ನು ಮೊಸರಿನಲ್ಲಿ ಕಲಸಿ ತಕ್ಷಣ ಇಡ್ಲಿ ಹೊಯ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮೈದಾ ಸಣ್ಣದಾಗಿರುವುದರಿಂದ ಅದು ಕಾಣುವುದಿಲ್ಲ, ಅಷ್ಟೇ. ನೆನೆಯದ ಕಣ ಹಂಚಿನ ಮೇಲೆ ನೀರು ಸಿಗುವ ಮೊದಲೇ ಬೇಯುತ್ತದೆ, ಸರಿಯಾಗಿ ಉಬ್ಬುವುದಿಲ್ಲ. ಪಕ್ಕದಲ್ಲಿ ನೀರು ಹೆಚ್ಚು, ಇಲ್ಲಿ ಕಡಿಮೆ. ಹಾಳೆ ಒಂದೇ ಸಮನೆ ಬರದೆ ದುರ್ಬಲ ಜಾಗದಲ್ಲಿ ಹರಿಯುತ್ತದೆ. ಇದು ಒಂದು.

ಎರಡನೆಯದು ಗ್ಲುಟೆನ್, ಅಂದರೆ ಮೈದಾದ ಪ್ರೋಟೀನ್ ನೀರು ಸೇರಿದಾಗ ಹೆಣೆಯುವ ಎಳೆ. ಚಪಾತಿ ಹಿಟ್ಟು ನಾದಿದ ಕೂಡಲೇ ಲಟ್ಟಿಸಿದರೆ ಅದು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅರ್ಧ ಗಂಟೆ ಬಿಟ್ಟರೆ ಮಾತು ಕೇಳುತ್ತದೆ. ಕ್ರೇಪಿನ ಹಿಟ್ಟು ಎಷ್ಟೇ ತೆಳ್ಳಗಿರಲಿ, ಗಂಟು ಒಡೆಯಲು ನಾವು ಜೋರಾಗಿ ತಿರುವಿರುತ್ತೇವೆ. ಅಲ್ಲೂ ಸ್ವಲ್ಪ ಈ ಎಳೆತ ಹುಟ್ಟುತ್ತದೆ. ಬಿಟ್ಟರೆ ಅದು ಸಡಿಲವಾಗುತ್ತದೆ. ಹುಯ್ದ ಹಿಟ್ಟು ಹಂಚಿನ ತುಂಬಾ ಸಲೀಸಾಗಿ ಹರಡುತ್ತದೆ, ಅಂಚು ಒಳಗೆ ಸುರುಟುವುದಿಲ್ಲ.

ಮೂರನೆಯದು ಗಾಳಿಗುಳ್ಳೆ. ಮಿಕ್ಸರ್‌ನಲ್ಲಿ ತಿರುವಿದರಂತೂ ನೊರೆಯೇ ಬರುತ್ತದೆ. ಆ ಗುಳ್ಳೆ ಹಂಚಿನ ಮೇಲೆ ಒಡೆದು ತೂತು ಬೀಳುತ್ತದೆ. ತೂತಿನಿಂದಲೇ ಹರಿಯುವುದು ಶುರುವಾಗುತ್ತದೆ. ರವಾ ದೋಸೆಗೆ ತೂತು ಬೇಕು, ಕ್ರೇಪಿಗೆ ಬೇಡ.

ಒಂದೇ ತತ್ತಿಯ ಹಿಟ್ಟನ್ನೇ ಒಮ್ಮೆ ಕಲಸಿದ ತಕ್ಷಣ, ಒಮ್ಮೆ ಒಂದು ಗಂಟೆ ಬಿಟ್ಟು ಹುಯ್ದು ನೋಡಿ. ತಕ್ಷಣ ಹುಯ್ದ ನಾಲ್ಕರಲ್ಲಿ ಮೂರು ನನ್ನ ಕೈಯಲ್ಲೂ ಹರಿದಿವೆ. ಗಂಟೆ ಬಿಟ್ಟ ಮೇಲೆ ನಾಲ್ಕರಲ್ಲಿ ಒಂದು. ತತ್ತಿ ಅಷ್ಟೇ, ಹಾಲು ಅಷ್ಟೇ. ಇದನ್ನು ನೋಡಿದ ಮೇಲೇ ನಾನು ಹರಿದಾಗ ತತ್ತಿಗೆ ಕೈ ಹಾಕುವುದನ್ನು ಬಿಟ್ಟೆ. ಹೊತ್ತು ಕೊಟ್ಟರೆ ಸರಿಹೋಗುವ ಕೆಲಸಕ್ಕೆ ತತ್ತಿ ಹಾಕಿದರೆ ಮೆತ್ತನೆಯದನ್ನು ಕಳೆದುಕೊಳ್ಳುತ್ತೇವೆ.

ಎಷ್ಟು ಹೊತ್ತು ಅಂದರೆ, ಮೈದಾಕ್ಕೆ ಅರ್ಧ ಗಂಟೆ ಕನಿಷ್ಠ, ಒಂದು ಗಂಟೆ ಸಾಕು. ರಾತ್ರಿ ಕಲಸಿ ಬೆಳಿಗ್ಗೆ ಹುಯ್ದರೂ ಚೆನ್ನಾಗಿರುತ್ತದೆ, ಗಂಟೆಗಿಂತ ತುಸು ಮೇಲೇ. ಆದರೆ ಅರ್ಧ ಗಂಟೆಗೂ ಒಂದು ಗಂಟೆಗೂ ಕಾಣುವಷ್ಟು ವ್ಯತ್ಯಾಸ ಒಂದು ಗಂಟೆಗೂ ಇಡೀ ರಾತ್ರಿಗೂ ಕಾಣುವುದಿಲ್ಲ. 24 ಗಂಟೆ ದಾಟಿಸಬೇಡಿ. ಹಿಟ್ಟು ಬೂದಿ ಬಣ್ಣಕ್ಕೆ ತಿರುಗುತ್ತದೆ, ರುಚಿ ಇಳಿಯುತ್ತದೆ. ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟಿನಲ್ಲಿ ಮಾಡುವುದಾದರೆ ಲೆಕ್ಕ ಬೇರೆ. ಕಲ್ಲಿನ ಬಿಸಿ, ಒತ್ತಡಕ್ಕೆ ಪಿಷ್ಟದ ಕಣಗಳು ಜಜ್ಜಿಹೋಗಿರುತ್ತವೆ, ಅವು ನೀರು ಜಾಸ್ತಿ ಕುಡಿಯುತ್ತವೆ. ತೌಡಿನ ಚೂರುಗಳಿಗೂ ನೆನೆಯಲು ಹೊತ್ತು ಬೇಕು. ಮೂರು ನಾಲ್ಕು ದೊಡ್ಡ ಚಮಚ ಹಾಲು ಹೆಚ್ಚು ಹಾಕಿ, ಎರಡು ಗಂಟೆ ಬಿಡಿ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ದೋಸೆ ಹಿಟ್ಟನ್ನು ರಾತ್ರಿ ಹೊರಗೆ ಇಟ್ಟು ಬೆಳಿಗ್ಗೆ ಹುಯ್ಯುವುದು ನಮಗೆ ಮೈಗೂಡಿದ ಅಭ್ಯಾಸ. ಅಲ್ಲಿ ಹುಳಿ ಬರಲಿ ಅಂತಲೇ ಇಡುತ್ತೇವೆ, ಆ ಹುಳಿಯೇ ಹಿಟ್ಟನ್ನು ಕಾಯುತ್ತದೆ. ಹಸಿ ತತ್ತಿ, ಹಾಲು ಇರುವ ಹಿಟ್ಟಿನ ವಿಷಯ ಹಾಗಲ್ಲ. ಅದರಲ್ಲಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಏಪ್ರಿಲ್ ತಿಂಗಳ ಒಂದು ರಾತ್ರಿ ಕ್ರೇಪಿನ ಹಿಟ್ಟನ್ನು ಕಟ್ಟೆಯ ಮೇಲೇ ಮುಚ್ಚಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಮೇಲೆ ನೀರು. ಮೂವತ್ತು ತತ್ತಿಯ ಹಿಟ್ಟನ್ನು ಚೆಲ್ಲಬೇಕಾಯಿತು. ಅದು ವಾಸನೆ ಕೊಟ್ಟಿತು, ನಮಗೆ ಗೊತ್ತಾಯಿತು. ವಾಸನೆ ಬರದೆಯೂ ಕೆಟ್ಟಿರಬಹುದು, ಅದು ನಿಜವಾದ ಅಪಾಯ. ಹೊರಗೆ ಇಟ್ಟರೆ ಒಟ್ಟು ಎರಡು ಗಂಟೆ ಮೀರಬಾರದು. ಬೇಸಿಗೆಯಲ್ಲಿ ಹುಬ್ಬಳ್ಳಿಯ ಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆಯೂ ಜಾಸ್ತಿಯೇ. ಕಲಸಿದ ಕೂಡಲೇ ಫ್ರಿಜ್‌ಗೆ ಹಾಕಿಬಿಡಿ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಆ ಹಿಟ್ಟನ್ನು ಉಳಿಸಿಕೊಳ್ಳಲು ನೋಡಬೇಡಿ.

ಕಲಸುವ ಕ್ರಮ ಹೇಳುತ್ತೇನೆ, ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ. ಹಾಲು ಫ್ರಿಜ್‌ನಿಂದ ತೆಗೆದು ಅದರ ತಣ್ಪು ಹೋಗಲು ಬಿಡಿ. ತೀರಾ ತಣ್ಣಗಿದ್ದರೆ ಕೊನೆಗೆ ಹಾಕುವ ಬೆಣ್ಣೆ ಕಾಳುಕಾಳಾಗಿ ಹೆಪ್ಪುಗಟ್ಟುತ್ತದೆ. ಅಗಲ ಪಾತ್ರೆಯಲ್ಲಿ 125 ಗ್ರಾಂ ಮೈದಾ ಜರಡಿ ಹಿಡಿದು ಚಿಟಿಕೆ ಉಪ್ಪು ಹಾಕಿ. ಸಿಹಿ ತಿಂಡಿಗಾದರೆ ಒಂದು ದೊಡ್ಡ ಚಮಚ ಸಕ್ಕರೆ. ನಡುವೆ ಗುಂಡಿ ಮಾಡಿ ಎರಡು ತತ್ತಿ ಒಡೆದು ಹಾಕಿ, ಕಾಲು ಬಟ್ಟಲಿನಷ್ಟು ಹಾಲು ಮಾತ್ರ ಸೇರಿಸಿ. ಈಗ ನಡುವಿನಿಂದ ತಿರುವುತ್ತಾ ಸುತ್ತಲಿನ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಒಳಗೆ ಎಳೆದುಕೊಳ್ಳಿ. ಬಜ್ಜಿ ಹಿಟ್ಟಿಗಿಂತ ತುಸು ಗಟ್ಟಿಯಾದ ಹದಕ್ಕೆ ಬರುತ್ತದೆ. ಈ ಗಟ್ಟಿ ಹದದಲ್ಲೇ ಗಂಟು ಒಡೆಯಬೇಕು. ಹಿಟ್ಟಿಗೆ ಹಿಟ್ಟು ಉಜ್ಜಿಕೊಂಡು ಗಂಟು ಕರಗುತ್ತದೆ. ಹಾಲನ್ನೆಲ್ಲ ಒಮ್ಮೆಗೇ ಸುರಿದರೆ ಗಂಟುಗಳು ತೇಲಾಡಿ ತಪ್ಪಿಸಿಕೊಳ್ಳುತ್ತವೆ. ನುಣುಪಾದ ಮೇಲೆ ಉಳಿದ ಹಾಲನ್ನು ಮೂರು ಸಲಕ್ಕೆ ಸೇರಿಸಿ. ಕೊನೆಗೆ ಕರಗಿಸಿ ಉಗುರುಬೆಚ್ಚಗೆ ಮಾಡಿದ 30 ಗ್ರಾಂ ಬೆಣ್ಣೆ ಹಾಕಿ. ತುಪ್ಪವೂ ನಡೆಯುತ್ತದೆ, ಆದರೆ ಅದರಲ್ಲಿ ನೀರಿಲ್ಲದ್ದರಿಂದ 25 ಗ್ರಾಂ ಸಾಕು. ಈ ಕೊಬ್ಬು ಹಳದಿಯ ಕೆಲಸಕ್ಕೆ ಕೈಗೂಡಿಸುತ್ತದೆ, ಹಂಚಿಗೂ ಅಂಟಲು ಬಿಡುವುದಿಲ್ಲ.

ಹದ ಹೇಗೆ ಗೊತ್ತಾಗಬೇಕು? ಸೌಟನ್ನು ಅದ್ದಿ ಎತ್ತಿ. ಅದರ ಬೆನ್ನ ಮೇಲೆ ತೆಳುವಾದ ಪದರ ನಿಲ್ಲಬೇಕು. ಬೆರಳಿಂದ ಗೆರೆ ಎಳೆದರೆ ಆ ಗೆರೆ ಕೂಡಿಕೊಳ್ಳದೆ ಹಾಗೇ ಉಳಿಯಬೇಕು. ದೋಸೆ ಹಿಟ್ಟಿಗಿಂತ ಬಹಳ ತೆಳು, ಮಜ್ಜಿಗೆಗಿಂತ ತುಸು ಗಟ್ಟಿ. ಈ ಪರೀಕ್ಷೆಯನ್ನು ಕಲಸಿದ ಕೂಡಲೇ ಮಾಡಬೇಡಿ, ಗಂಟೆ ಬಿಟ್ಟ ಮೇಲೆ ಮಾಡಿ. ಬಿಟ್ಟಾಗ ಹಿಟ್ಟು ನೀರು ಕುಡಿದು ಗಟ್ಟಿಯಾಗಿರುತ್ತದೆ. ಒಂದೆರಡು ಚಮಚ ಹಾಲು ಬೇಕಾಗಬಹುದು. ಕಲಸಿದಾಗಲೇ ತೆಳ್ಳಗಿದೆ ಅಂತ ಮೈದಾ ಸೇರಿಸಿದರೆ ಆಮೇಲೆ ಪೇಚಾಡಬೇಕಾಗುತ್ತದೆ. ಫ್ರಿಜ್‌ನಿಂದ ತೆಗೆದ ಹಿಟ್ಟಿನ ತಳದಲ್ಲಿ ಮೈದಾ ಕೂತಿರುತ್ತದೆ, ಮೇಲೆ ಬೆಣ್ಣೆ ಕಟ್ಟಿರುತ್ತದೆ. ಹತ್ತು ನಿಮಿಷ ಹೊರಗಿಟ್ಟು ನಿಧಾನವಾಗಿ ತಿರುವಿ. ಮತ್ತೆ ಮಿಕ್ಸರ್‌ಗೆ ಹಾಕಬೇಡಿ, ಹೋದ ಗುಳ್ಳೆಗಳು ಮತ್ತೆ ಬರುತ್ತವೆ.

ಹಂಚು ಮಧ್ಯಮ ಉರಿಯಲ್ಲಿ ಕಾಯಬೇಕು. ನೀರು ಚಿಮುಕಿಸಿದರೆ ಹನಿ ಚುರ್ ಅಂದು ಆರಬೇಕು. ಅಂಚಿರುವ 22 ಸೆಂಟಿಮೀಟರ್ ಪ್ಯಾನ್ ಇದ್ದರೆ ಕಾಲು ಬಟ್ಟಲಿಗಿಂತ ಸ್ವಲ್ಪ ಕಡಿಮೆ ಹಿಟ್ಟು ಸುರಿದು ಕೂಡಲೇ ಪ್ಯಾನನ್ನೇ ಓರೆ ಮಾಡಿ ತಿರುಗಿಸಿ. ದೋಸೆಯಂತೆ ಸೌಟಿನ ಬೆನ್ನಲ್ಲಿ ಉಜ್ಜಿದರೆ ಕೆಳಗೆ ಆಗಲೇ ಹಿಡಿದ ಪದರ ಕಿತ್ತು ಬರುತ್ತದೆ. ರೊಟ್ಟಿ ಹಂಚು ಮಾತ್ರ ಇದ್ದರೆ ಬೇರೆ ದಾರಿಯಿಲ್ಲ, ಒಂದೇ ಸುತ್ತಿನಲ್ಲಿ ಹಗುರವಾಗಿ ಹರಡಿ ನಿಲ್ಲಿಸಿ. ಮೈ ಮೇಲಿನ ಹಸಿ ಹೊಳಪು ಹೋಗಿ ಅಂಚು ಕಂದು ಬಣ್ಣಕ್ಕೆ ತಿರುಗಿ ತಾನಾಗಿ ಎದ್ದಾಗ ತಿರುವಿ. ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಇನ್ನೊಂದು ಬದಿಗೆ 15, 20 ಸೆಕೆಂಡ್ ಸಾಕು. ಒಂದರ ಮೇಲೊಂದು ಹಾಕಿ ಬಟ್ಟೆ ಮುಚ್ಚಿಡಿ. ಅವುಗಳ ಹಬೆಗೇ ಗರಿಯಾದ ಅಂಚು ಮೆತ್ತಗಾಗುತ್ತದೆ.

ಮೊದಲನೆಯದನ್ನು ಪರೀಕ್ಷೆಗೆ ಅಂತ ಬಿಡಿ. ಅದು ಹರಿದರೆ ಏಕೆ ಹರಿಯಿತು ಅಂತ ನೋಡಿ. ತೂತುಗಳಿಂದ ಹರಿದಿದ್ದರೆ ಗುಳ್ಳೆ ಇನ್ನೂ ಇದೆ, ಹಿಟ್ಟಿಗೆ ಇನ್ನೂ ಹೊತ್ತು ಬೇಕು. ಕೆಳಗೆ ಅಂಟಿಕೊಂಡು ಹರಿದಿದ್ದರೆ ಹಂಚು ಕಾದಿಲ್ಲ. ಚೆನ್ನಾಗಿ ಎದ್ದು ಬಂದು, ಎತ್ತಿದಾಗ ತನ್ನ ಭಾರಕ್ಕೇ ಹರಿದರೆ ಮಾತ್ರ ತತ್ತಿ ಸಾಲದು. ಆಗ ಒಂದು ತತ್ತಿಯನ್ನು ಬೇರೆ ಬಟ್ಟಲಲ್ಲಿ ಒಡೆದು ಕದಡಿ, ಅರ್ಧವನ್ನು ಹಿಟ್ಟಿಗೆ ಸೇರಿಸಿ ಹತ್ತು ನಿಮಿಷ ಬಿಟ್ಟು ನೋಡಿ.

ತತ್ತಿಯಿಲ್ಲದೆ ಮಾಡುವವರೂ ಇದ್ದಾರೆ. ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಗೋಧಿಯ ಜಾತಿಗೆ ಸೇರದ ಬಕ್‌ವೀಟ್ ಅನ್ನುವ ಕಾಳಿನ ಹಿಟ್ಟಿನಿಂದ ಗಾಲೆಟ್ ಅಂತ ಮಾಡುತ್ತಾರೆ. ಅದಕ್ಕೆ ಹಳೆಯ ಕ್ರಮದಲ್ಲಿ ಹಿಟ್ಟು, ನೀರು, ಉಪ್ಪು ಇಷ್ಟೇ. ಗ್ಲುಟೆನ್ ಕೂಡ ಇಲ್ಲದ ಆ ಹಿಟ್ಟನ್ನು ಅವರು ಗಂಟೆಗಟ್ಟಲೆ ನೆನೆಯಲು ಬಿಡುತ್ತಾರೆ. ತತ್ತಿ ಇಲ್ಲದಾಗ ಹೊತ್ತು ಎಷ್ಟು ಕೆಲಸ ಮಾಡಬಲ್ಲದು ಅಂತ ಅಲ್ಲಿ ಗೊತ್ತಾಗುತ್ತದೆ.

ದಪ್ಪ ಪ್ಯಾನ್‌ಕೇಕಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಹಾಳೆಯ ಕಸುವು ಬೇಡ, ಬೇಕಿಂಗ್ ಪೌಡರ್‌ನಿಂದ ಎದ್ದ ಗುಳ್ಳೆಯನ್ನು ಹಿಡಿದಿಡುವಷ್ಟು ತತ್ತಿ ಸಾಕು. ಅದೇ ಒಂದು ಬಟ್ಟಲು ಮೈದಾಕ್ಕೆ ಒಂದು ತತ್ತಿ, ಮುಕ್ಕಾಲು ಬಟ್ಟಲು ಹಾಲು, ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್, ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಎರಡು ತತ್ತಿ ಹಾಕಿದರೆ ಸ್ಪಂಜಿನಂತಾಗಿ ಗಂಟಲಲ್ಲಿ ಒಣಗುತ್ತದೆ. ಇಲ್ಲಿ ಗಂಟು ಒಡೆಯಲು ಹೋಗಬೇಡಿ. ಒಣ ಹಿಟ್ಟು ಕಾಣದಷ್ಟು ಕೂಡಿಸಿ ನಿಲ್ಲಿಸಿ. ಜಾಸ್ತಿ ತಿರುವಿದರೆ ಗ್ಲುಟೆನ್ ಬಿಗಿಯುತ್ತದೆ, ಒಳಗೆ ಉದ್ದುದ್ದ ಸುರಂಗದಂಥ ತೂತುಗಳು ಕಾಣುತ್ತವೆ. ಸಣ್ಣ ಗಂಟುಗಳು ಹತ್ತು ನಿಮಿಷ ಬಿಟ್ಟರೆ ತಾವಾಗಿ ನೆನೆದು ಬೆಂದುಹೋಗುತ್ತವೆ. ಆ ಹತ್ತು ನಿಮಿಷವೇ ಇದಕ್ಕೆ ಸಾಕು. ರಾತ್ರಿಯಿಡೀ ಬಿಟ್ಟರೆ ಪೌಡರ್‌ನ ಗಾಳಿಯೆಲ್ಲ ಹೊರಟುಹೋಗಿ ಬೆಳಿಗ್ಗೆ ಗಟ್ಟಿ ರೊಟ್ಟಿಯೇ ಬರುತ್ತದೆ. ಪೌಡರ್ ಹಳೆಯದೇನೋ ಅನಿಸಿದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ. ಬುರುಬುರು ನೊರೆ ಬಂದರೆ ಸರಿಯಿದೆ.

ಒಂದು ತತ್ತಿ, ಎರಡು ಹಳದಿಯ ಕ್ರೇಪ್ ಮಾಡಿದ ದಿನ ಎರಡು ಬಿಳಿ ಭಾಗ ಉಳಿಯುತ್ತವೆ. ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಇರುತ್ತವೆ. ಮರುದಿನದ ಆಮ್ಲೆಟ್‌ಗೆ ಸೇರಿಸಿ. ಅಲ್ಲಿ ಆ ಬಿಗಿ ಬೇಕಾದದ್ದೇ.